ಕಾರಿನ ಮರೆಯಲ್ಲಿದ್ದ ಕರ್ಬ್

"ಎಲ್ಲಾ ಸರಿ, ಆದ್ರೆ ನಮ್ಮ ಗೇಟಿನಿಂದ ಗಾಡಿ ಆಚೆ ಬರೋದು ಹೇಗೆ?"

ಕ್ಲೈಂಟ್ ಕಾಲ್‌ನಲ್ಲಿ ಹೀಗೆ ಕೇಳಿದರು. ನಮ್ಮ ಕಡೆ ಒಬ್ಬರೂ ಮಾತಾಡಲಿಲ್ಲ. ಅವರ ಕಟ್ಟಡದ ಮುಂಭಾಗದ ಫೋಟೋ ಅದು. ದೊಡ್ಡ ಪ್ರಿಂಟ್‌ಗೆ ಹೋಗಬೇಕಿತ್ತು. ಮುಂದೆ ನಿಂತಿದ್ದ ಕಾರನ್ನು ರಿಟಚ್ ಮಾಡುವ ನಮ್ಮ ಹಿಂದಿನ ಶಿಫ್ಟ್‌ನವರು ಫೋಟೋದಿಂದ ಅಳಿಸಿದ್ದರು. ಪೂರ್ತಿ ಫ್ರೇಮ್ ನೋಡಿದರೆ ರಸ್ತೆ ಚೊಕ್ಕವಾಗಿತ್ತು, ಫುಟ್‌ಪಾತ್ ಚೊಕ್ಕವಾಗಿತ್ತು. ಆದರೆ ಫುಟ್‌ಪಾತ್ ಅಂಚಿನ ಕರ್ಬ್ ಕಲ್ಲು ಅದೇ ಎತ್ತರದಲ್ಲಿ ಗೇಟಿನ ಮುಂದೆಯೂ ಹಾದುಹೋಗಿತ್ತು. ಅಷ್ಟು ಎತ್ತರದ ಕಲ್ಲು ಹತ್ತಿಸಿ ಯಾರೂ ದಿನಾ ಕಾರು ಒಳಗೆ ತರುವುದಿಲ್ಲ. ಅಲ್ಲಿ ಇಳಿಜಾರು ಇತ್ತು, ಕಾರು ಅದನ್ನು ಮುಚ್ಚಿಕೊಂಡು ನಿಂತಿತ್ತು.

ಕೊಟೇಶನ್ ಶೀಟ್‌ನಲ್ಲಿ ಈ ಕೆಲಸಕ್ಕೆ "ಸಿಂಪಲ್ ರಿಮೂವಲ್, ಅರ್ಧ ಗಂಟೆ" ಅಂತ ಬರೆದಿದ್ದರು. ಅರ್ಧ ಗಂಟೆ ಕೊಟ್ಟರೆ ಯಾರೇ ಆಗಲಿ ಕಾರಿನ ಸುತ್ತ ಸೆಲೆಕ್ಷನ್ ಹಾಕಿ ಫೋಟೋಶಾಪ್‌ನ Content-Aware Fill ಓಡಿಸುತ್ತಾರೆ. ಅದು ಅಕ್ಕಪಕ್ಕದ ಪಿಕ್ಸೆಲ್ ತುಣುಕುಗಳನ್ನು ತಂದು ಖಾಲಿ ಜಾಗ ತುಂಬುತ್ತದೆ. ಕರ್ಬ್ ಯಾಕಿದೆ, ಗೇಟ್ ಯಾಕಿದೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ಎಡಗಡೆ ಎತ್ತರದ ಕರ್ಬ್ ಸಿಕ್ಕಿತು, ಅದನ್ನೇ ಬಲಕ್ಕೆ ಎಳೆದುಕೊಂಡು ಹೋಯಿತು. ಬಲ ತುದಿಯಲ್ಲಿ ಎರಡೂ ಕೂಡಲಿಲ್ಲ, ಅಲ್ಲೊಂದು ಸಣ್ಣ ಸೊಟ್ಟ ಬಂತು. ಆ ಸೊಟ್ಟದ ಮೇಲೆ ಯಾರೋ ಹೀಲಿಂಗ್ ಬ್ರಷ್ ಆಡಿಸಿ ಮಸುಕು ಮಾಡಿದ್ದರು.

ಫೈಲ್ ನನ್ನ ಕೈಗೆ ಬಂದಾಗ ಕಾಲ್ ಇನ್ನೂ ನಡೆಯುತ್ತಿತ್ತು, ಸ್ಕ್ರೀನ್ ಶೇರ್ ಆಗಿತ್ತು. ಮ್ಯಾನೇಜರ್ ಚಾಟ್‌ನಲ್ಲಿ ಬರೆದರು: "ಗೇಟ್ ಹತ್ರ ಕರ್ಬ್ ಸ್ವಲ್ಪ ಕೆಳಗೆ ಬಗ್ಗಿಸಿಬಿಡಿ, ಐದು ನಿಮಿಷ." ಎಷ್ಟು ಬಗ್ಗಿಸಬೇಕು, ಎಲ್ಲಿಂದ ಬಗ್ಗಿಸಬೇಕು ಅನ್ನುವುದೇ ಪ್ರಶ್ನೆ. ಅಂದಾಜಿಗೆ ಬಗ್ಗಿಸಿದರೆ ಇನ್ನೊಂದು ಸುಳ್ಳು ಕರ್ಬ್ ಬರುತ್ತದೆ ಅಷ್ಟೇ. ಕ್ಲೈಂಟ್ ದಿನಾ ಆ ಗೇಟಿನಲ್ಲಿ ಓಡಾಡುವವರು, ಅವರ ಕಣ್ಣಿಗೆ ಅದು ಥಟ್ಟನೆ ಬೀಳುತ್ತದೆ. "ಒರಿಜಿನಲ್‌ನಿಂದ ಮತ್ತೆ ಶುರು ಮಾಡ್ತೀನಿ" ಅಂದೆ. ಆ ಕಡೆಯಿಂದ ಒಂದು ನಿಟ್ಟುಸಿರು ಕೇಳಿಸಿತು. ಅದು ಕ್ಲೈಂಟ್‌ದಲ್ಲ.

ಮೊದಲು ರಾ ಫೈಲ್‌ಗೆ ಹೋಗಿ ಲೆನ್ಸ್ ಪ್ರೊಫೈಲ್ ಹಾಕಿದೆ. ವೈಡ್ ಲೆನ್ಸ್‌ನಲ್ಲಿ ನೇರ ಕರ್ಬ್ ಕೂಡ ಒಂಚೂರು ಬಿಲ್ಲಿನ ಹಾಗೆ ಬಾಗಿರುತ್ತದೆ. ಅದನ್ನು ಸರಿ ಮಾಡದೆ ಗೆರೆ ಎಳೆದರೆ ಯಾವ ಗೆರೆಯೂ ಎಲ್ಲಿಯೂ ಸೇರುವುದಿಲ್ಲ. ಆಮೇಲೆ ಬೇರೆ ಲೇಯರ್‌ನಲ್ಲಿ ತೆಳು ಕೆಂಪು ಗೆರೆಗಳು. ಕರ್ಬಿನ ಮೇಲಂಚಿಗೆ ಒಂದು, ಕರ್ಬ್ ರಸ್ತೆಗೆ ತಾಗುವ ಕೆಳಂಚಿಗೆ ಒಂದು, ಫುಟ್‌ಪಾತ್ ಚಪ್ಪಡಿಗಳ ಉದ್ದುದ್ದ ಸಂದಿಗೆ ಒಂದು. ಮೂರನ್ನೂ ಕಾರಿನ ಎಡಗಡೆ ಕಾಣುವ ಭಾಗದಿಂದಲೇ ತೆಗೆದುಕೊಂಡು ಬಲಕ್ಕೆ ಚಾಚಿದೆ. ಮೂರೂ ದೂರದಲ್ಲಿ ಒಂದೇ ಬಿಂದುವಿಗೆ ಹೋಗಿ ಸೇರಿದವು. ಅಲ್ಲಿಗೆ ವ್ಯಾನಿಶಿಂಗ್ ಪಾಯಿಂಟ್, ಅಂದರೆ ವಿಪಿ ಸಿಕ್ಕಿತು.

ಈಗ ಅಳತೆ. ಕಾರಿನ ಎಡ ತುದಿ ವಿಪಿಯಿಂದ ಸುಮಾರು 3000 ಪಿಕ್ಸೆಲ್ ದೂರ. ಅಲ್ಲಿ ಕರ್ಬಿನ ಮುಖ 50 ಪಿಕ್ಸೆಲ್ ಎತ್ತರ. ಕಾರಿನ ಬಲ ತುದಿ ವಿಪಿಯಿಂದ 1800. ಒಂದೇ ಬಿಂದುವಿಗೆ ಸೇರುವ ಎರಡು ಗೆರೆಗಳ ನಡುವಿನ ಎತ್ತರ, ಆ ಬಿಂದುವಿನಿಂದ ಇರುವ ದೂರಕ್ಕೆ ತಕ್ಕ ಹಾಗೆ ಕಡಿಮೆಯಾಗುತ್ತದೆ. ಅಂದರೆ ಬಲ ತುದಿಯಲ್ಲಿ ಕರ್ಬ್ 30 ಪಿಕ್ಸೆಲ್ ಇರಬೇಕು. ಫೋಟೋದಲ್ಲಿ ಇದ್ದದ್ದು 10. ಹಿಂದಿನ ಶಿಫ್ಟ್‌ನವರ ಕಣ್ಣು ತಪ್ಪಿದ್ದು ಇಲ್ಲೇ. ದೂರ ಹೋದಂತೆ ಎಲ್ಲವೂ ಸಣ್ಣದಾಗುತ್ತದಲ್ವಾ, ಹಾಗಾಗಿ ಆ ತೆಳು ಅಂಚು ಪರ್ಸ್‌ಪೆಕ್ಟಿವ್‌ನಿಂದ ಸಣ್ಣದಾಗಿದೆ ಅನ್ನಿಸುತ್ತದೆ. ಅಳೆದಾಗ ಮಾತ್ರ ಗೊತ್ತಾಗುತ್ತದೆ, ಅದು ನಿಜವಾಗಿಯೂ ಇಳಿದಿರುವ ಕಲ್ಲು.

ಇದನ್ನು ಸ್ಕ್ರೀನ್ ಮೇಲೆ ತೋರಿಸಿದೆ. ಕ್ಲೈಂಟ್ "ಹಾಂ, ಅದೇ ನೋಡಿ ನಾನು ಹೇಳಿದ್ದು" ಅಂದರು. ಮ್ಯಾನೇಜರ್ ಆಮೇಲೆ ಟೈಮ್ ಕೇಳಲಿಲ್ಲ.

ಇಳಿಜಾರು ಎಲ್ಲಿ ಶುರುವಾಗುತ್ತದೆ ಅನ್ನುವುದಕ್ಕೆ ಗೇಟೇ ಸಾಕ್ಷಿ. ಕಾರಿನ ಚಾವಣಿಯ ಮೇಲೆ ಎರಡೂ ಕಂಬಗಳು ಕಾಣುತ್ತಿದ್ದವು. ಕಂಬದಿಂದ ಗೋಡೆಯ ಬುಡದ ಗೆರೆಗೆ ಇಳಿದು, ಅಲ್ಲಿಂದ ಚಪ್ಪಡಿಗಳ ಅಡ್ಡ ಸಂದಿ ಹೋಗುವ ದಿಕ್ಕಿನಲ್ಲೇ ಕರ್ಬಿನವರೆಗೆ ಗೆರೆ ತಂದೆ. ಆ ಅಡ್ಡ ಸಂದಿಗಳಿಗೆ ಅವುಗಳದ್ದೇ ಬೇರೆ ವಿಪಿ ಇರುತ್ತದೆ, ಫ್ರೇಮಿನಿಂದ ತುಂಬಾ ಹೊರಗೆ. ಕ್ಯಾನ್ವಾಸ್ ದೊಡ್ಡದು ಮಾಡಿಕೊಂಡೇ ಹುಡುಕಬೇಕು. ಗೇಟಿನ ಅಗಲದಷ್ಟು ಕರ್ಬ್ ಪೂರ್ತಿ ಇಳಿದಿರುತ್ತದೆ, ಅದರ ಆಚೆ ಓರೆ ಕಲ್ಲಿನಲ್ಲಿ ಎತ್ತರಕ್ಕೆ ಏರುತ್ತದೆ. ಓರೆಯನ್ನು ಒಂದು ಕಲ್ಲಿನ ಉದ್ದಕ್ಕೆ ಹಾಕಿದೆ. ಆ ಉದ್ದವನ್ನು ಮಾತ್ರ ಈ ಫೋಟೋದಿಂದ ತಿಳಿಯಲು ದಾರಿ ಇರಲಿಲ್ಲ.

ಚಪ್ಪಡಿ ಸಂದಿಗಳನ್ನೂ ಅಂದಾಜಿಗೆ ಹಾಕಬಾರದು. ಒಂದೊಂದನ್ನೂ ಇಷ್ಟಿಷ್ಟು ಕಡಿಮೆ ಮಾಡುತ್ತಾ ಹೋದರೂ ತಪ್ಪೇ. ಕಾಣುವ ಒಂದು ಚಪ್ಪಡಿ ತಗೊಳ್ಳಿ. ಅದರ ಹತ್ತಿರದ ಮೂಲೆಯಿಂದ, ಎದುರಿನ ಸಂದಿಯ ನಡುಬಿಂದುವನ್ನು ಹಾದು ಗೆರೆ ಎಳೆಯಿರಿ. ಆ ಗೆರೆ ಆಚೆ ಬದಿಯ ಅಂಚನ್ನು ಎಲ್ಲಿ ಮುಟ್ಟುತ್ತದೋ ಅಲ್ಲಿ ಮುಂದಿನ ಸಂದಿ. ನಡುಬಿಂದುವನ್ನು ಕಣ್ಣಳತೆಯಲ್ಲಿ ಗುರುತು ಮಾಡಬೇಡಿ, ಚಪ್ಪಡಿಯ ಎರಡು ಕರ್ಣಗಳು ಕೂಡುವ ಜಾಗದಿಂದ ವಿಪಿಗೆ ಗೆರೆ ಎಳೆದರೆ ಅದು ತಾನಾಗಿ ಸಿಗುತ್ತದೆ. ಹೀಗೆ ಎಡದಿಂದ ಲೆಕ್ಕ ಹಾಕಿಕೊಂಡು ಬಂದ ಸಂದಿ, ಬಲಗಡೆ ನಿಜವಾಗಿ ಕಾಣುವ ಸಂದಿಯ ಮೇಲೆ ಬಂದು ಕೂತರೆ ಗೆರೆ ಕೆಲಸ ಸರಿ. ನನಗೆ ಕೂತಿತು. ನಿಜ ಹೇಳಬೇಕು ಅಂದ್ರೆ ಇಡೀ ಕೆಲಸದಲ್ಲಿ ಅತಿ ಖುಷಿ ಕೊಟ್ಟ ಕ್ಷಣ ಅದು.

ಆಮೇಲೆ ಬೆಳಕು. ಡಾಂಬರು ಹಾಕುವ ಮುಂಚೆ ಬರೀ ಮೆತ್ತನೆ ಬ್ರಷ್‌ನಲ್ಲಿ ಬಣ್ಣದ ಹದ ಕೂರಿಸಿದೆ. ಸೂರ್ಯ ಕಟ್ಟಡದ ಹಿಂದಿನಿಂದ ಓರೆಯಾಗಿ ಬರುತ್ತಿದ್ದ. ಹಾಗಾಗಿ ಕರ್ಬಿನ ಮುಖ ನೆರಳಿನಲ್ಲಿತ್ತು, ಅದರ ನೆರಳು ರಸ್ತೆಯ ಮೇಲೆ ತೆಳು ಪಟ್ಟಿಯಾಗಿ ಬಿದ್ದಿತ್ತು. ಕಲ್ಲು ಇಳಿದಂತೆ ಆ ಪಟ್ಟಿಯೂ ಸಣ್ಣದಾಗಬೇಕು. ಓರೆ ಕಲ್ಲು ಬರೆದು ನೆರಳಿನ ಪಟ್ಟಿಯನ್ನು ಹಾಗೇ ಬಿಟ್ಟರೆ ಕಲ್ಲು ರಸ್ತೆಯಿಂದ ಎದ್ದು ನಿಂತಂತೆ ಕಾಣುತ್ತದೆ. ಕಾರು ಕೆಂಪು ಬಣ್ಣದ್ದು. ಅದರ ಪಕ್ಕದ ರಸ್ತೆಗೆ ಕಂಡೂ ಕಾಣದ ಕೆಂಪು ಛಾಯೆ ಬಿದ್ದಿತ್ತು. ಅಳಿಸುವ ಜಾಗ ಗುರುತಿಸುವ ಮಾಸ್ಕ್ ಕಾರಿಗೆ ಅಂಟಿಕೊಂಡು ಇದ್ದರೆ ಈ ಛಾಯೆ ಉಳಿದುಬಿಡುತ್ತದೆ. ಸ್ಯಾಚುರೇಶನ್ ಜಾಸ್ತಿ ಮಾಡುವ ಒಂದು ಚೆಕ್ ಲೇಯರ್ ಮೇಲಿಟ್ಟು ನೋಡಿದರೆ ಎಲ್ಲಿಯವರೆಗೆ ಹಬ್ಬಿದೆ ಅಂತ ಕಾಣುತ್ತದೆ.

ಕೊನೆಗೆ ಡಾಂಬರು. ಇಲ್ಲಿ ಒಂದು ಇಕ್ಕಟ್ಟಿದೆ. ಅಡ್ಡಕ್ಕೆ, ಅಂದರೆ ಕ್ಯಾಮೆರಾದಿಂದ ಅಷ್ಟೇ ದೂರದಲ್ಲಿರುವ ರಸ್ತೆ ನಡುವಿನಿಂದ ತೆಗೆದುಕೊಂಡರೆ ಜಲ್ಲಿಯ ಗಾತ್ರ ಸರಿಯಾಗಿ ಕೂರುತ್ತದೆ. ಆದರೆ ನಡುರಸ್ತೆ ಚಕ್ರ ಉಜ್ಜಿ ನುಣುಪಾಗಿರುತ್ತದೆ. ಕರ್ಬಿನ ಪಕ್ಕ ಹಾಗಲ್ಲ, ಮಣ್ಣು, ಮರಳು, ಒಣ ಎಲೆಯ ಚೂರು ಸೇರಿ ಒರಟಾಗಿರುತ್ತದೆ. ಕರ್ಬಿನ ಉದ್ದಕ್ಕೇ ತೆಗೆದುಕೊಂಡರೆ ಗುಣ ಸರಿ, ಗಾತ್ರ ತಪ್ಪು.

ನಾನು ಗುಣಕ್ಕೆ ಓಟು ಹಾಕುತ್ತೇನೆ. ಗಾತ್ರವನ್ನು ಸರಿ ಮಾಡಬಹುದು, ನಡುರಸ್ತೆಯನ್ನು ಕರ್ಬ್ ಪಕ್ಕದ ರಸ್ತೆ ಮಾಡಲು ಆಗಲ್ಲ. ಆದರೆ ಯಾವಾಗಲೂ ಹತ್ತಿರದ್ದನ್ನು ಕುಗ್ಗಿಸಿ ದೂರಕ್ಕೆ ಒಯ್ಯಬೇಕು. ದೂರದ್ದನ್ನು ಹಿಗ್ಗಿಸಿ ಹತ್ತಿರ ತಂದರೆ ಜಲ್ಲಿ ಕಲಸಿಹೋಗುತ್ತದೆ. ವಿಪಿಯಿಂದ 3000 ಪಿಕ್ಸೆಲ್ ದೂರದ ಡಾಂಬರನ್ನು 2400ರ ಹತ್ತಿರ ಹಾಕಬೇಕಾದರೆ ಅಗಲ 80 ಪರ್ಸೆಂಟ್‌ಗೆ ಇಳಿಯಬೇಕು. ದೂರ ಹೋಗುವ ದಿಕ್ಕಿನಲ್ಲಿ ಅದಕ್ಕಿಂತ ಜಾಸ್ತಿ ಕುಗ್ಗಬೇಕು, ಸುಮಾರು 64. ಹಾಗಾಗಿ Clone Source ಪ್ಯಾನೆಲ್‌ನಲ್ಲಿ ಬರೀ ಒಂದು ಸ್ಕೇಲ್ ಕೊಟ್ಟರೆ ಸಾಲದು. ಖಾಲಿ ಲೇಯರ್ ಮಾಡಿಕೊಂಡು Vanishing Point ಫಿಲ್ಟರ್‌ನಲ್ಲಿ ರಸ್ತೆಗೆ ಒಂದು ಪ್ಲೇನ್ ಹಾಕಿದೆ. ಗ್ರಿಡ್ ನೀಲಿ ಇರಬೇಕು, ಹಳದಿಯೋ ಕೆಂಪೋ ಆದರೆ ಮೂಲೆಗಳು ತಪ್ಪಾಗಿವೆ. ಅದರೊಳಗಿನ ನಕಲು ಮಾಡುವ ಸ್ಟ್ಯಾಂಪ್ ಈ ಕುಗ್ಗಿಸುವ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ. ಕರ್ಬ್ ಅಂಚಿನ ಹತ್ತಿರ ಸುತ್ತಲಿನ ಬಣ್ಣ ಬೆರೆಸುವ Heal ಆಫ್ ಮಾಡಿಟ್ಟೆ, ಇಲ್ಲದಿದ್ದರೆ ಕಲ್ಲಿನ ಬಣ್ಣ ರಸ್ತೆಗೆ ಇಳಿಯುತ್ತದೆ.

ಕುಗ್ಗಿಸಿದ ಡಾಂಬರಿನಲ್ಲಿ ಕ್ಯಾಮೆರಾದ ಗ್ರೇನ್ ಕಡಿಮೆಯಾಗಿರುತ್ತದೆ. ಮಾಮೂಲಿ ಜೂಮ್‌ನಲ್ಲಿ ಕಾಣಲ್ಲ, ಬ್ಲೂ ಚಾನೆಲ್‌ನಲ್ಲಿ 200 ಪರ್ಸೆಂಟ್‌ಗೆ ಹೋದರೆ ಕಾರಿನ ಆಕಾರದಲ್ಲೇ ನುಣ್ಣಗಿನ ಪಟ್ಟಿ ಕಾಣಿಸುತ್ತದೆ. ಬೂದು ಲೇಯರ್‌ಗೆ ನಾಯ್ಸ್ ಹಾಕಿ Overlayಗೆ ಇಟ್ಟು ಸುತ್ತಲಿನದಕ್ಕೆ ಸರಿಮಾಡಿದೆ. ಆಮೇಲೆ ಇಡೀ ಫೋಟೋವನ್ನು ಅಡ್ಡಕ್ಕೆ ಫ್ಲಿಪ್ ಮಾಡಿ, ಸಣ್ಣದು ಮಾಡಿ ನೋಡಿದೆ. ಒಂದೇ ಎಣ್ಣೆ ಕಲೆ ಎರಡು ಕಡೆ ಬಂದಿತ್ತು. ಒಂದನ್ನು ಅಳಿಸಿದೆ.

ಸಂಜೆ ಕ್ಲೈಂಟ್ ಒಪ್ಪಿದರು. ಫೈಲ್ ಪ್ರೆಸ್‌ಗೆ ಹೋಗುವ ಸ್ವಲ್ಪ ಮುಂಚೆ ಫೋಟೋಗ್ರಾಫರ್ ಕಡೆಯಿಂದ ಪೂರ್ತಿ ಫೋಲ್ಡರ್ ಬಂತು. ಅದರಲ್ಲಿ ನಾಲ್ಕು ಹೆಜ್ಜೆ ಪಕ್ಕದಿಂದ ತೆಗೆದ ಇನ್ನೊಂದು ಫ್ರೇಮ್ ಇತ್ತು. ಕಾರಿನ ಮೂತಿ ಆಚೆ ಓರೆ ಕಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಒಂದಲ್ಲ, ಎರಡು ಕಲ್ಲಿನ ಉದ್ದಕ್ಕೆ ಏರಿತ್ತು. ಪ್ರೆಸ್‌ನವರಿಗೆ ತಡೆಯಲು ಹೇಳಿ, ಓರೆಯನ್ನು ಉದ್ದ ಮಾಡಿ, ನೆರಳಿನ ಪಟ್ಟಿಯನ್ನು ಮತ್ತೆ ಬರೆದು ಕಳಿಸಿದೆ. ಆ ಫೋಲ್ಡರ್ ಶೂಟ್ ಆದ ದಿನದಿಂದ ಸರ್ವರ್‌ನಲ್ಲಿತ್ತು. ಲಿಂಕ್ ಮ್ಯಾನೇಜರ್ ಇನ್‌ಬಾಕ್ಸ್‌ನಲ್ಲಿ ಕೂತಿತ್ತು, ನಮಗೆ ಬಂದದ್ದು "ಫೈನಲ್ ಸೆಲೆಕ್ಟ್" ಅನ್ನುವ ಒಂದೇ ಫೈಲ್. ಈಗ ನಾನು ರಿಮೂವಲ್ ಕೆಲಸ ಬಂದರೆ ಪಕ್ಕದ ಫ್ರೇಮ್‌ಗಳು ಬರುವ ತನಕ ಟಿಕೆಟ್ ತೆಗೆದುಕೊಳ್ಳುವುದಿಲ್ಲ. ಕೊಟೇಶನ್ ಶೀಟ್‌ನಲ್ಲಿ ಮಾತ್ರ ಇನ್ನೂ ಅರ್ಧ ಗಂಟೆ ಅಂತಲೇ ಇದೆ.