ಅಂಕಿ ಸರಿ, ಕಾಲಂ ತಪ್ಪು: ಕೋಷ್ಟಕ ಓದಿಸುವ ಕೆಲಸಕ್ಕೆ ನಾವು ಕಟ್ಟಿಕೊಂಡ ಸಣ್ಣ ಪರೀಕ್ಷಾ ಸಂಗ್ರಹ

ಚಿಕ್ಕಮಗಳೂರಿನ ನಮ್ಮ ಸಣ್ಣ ಕಚೇರಿಗೆ ಬರುವ ಕಾಗದಗಳಲ್ಲಿ ಹೆಚ್ಚಿನವು ಕಾಫಿ ತೋಟಗಳವು. ಕ್ಯೂರಿಂಗ್ ವರ್ಕ್ಸ್‌ಗಳು ಬೆಳೆಗಾರರಿಗೆ ಕೊಡುವ ಔಟ್‌ಟರ್ನ್ ಪಟ್ಟಿಗಳು, ತೋಟದ ಮಳೆ ಪುಸ್ತಕಗಳು, ಕೂಲಿ ಪಟ್ಟಿಗಳು ಹೀಗೆ ಎಲ್ಲವನ್ನೂ ಸ್ಕ್ಯಾನ್ ಮಾಡಿ, ಅವುಗಳಲ್ಲಿರುವ ಕೋಷ್ಟಕಗಳನ್ನು ತಂತ್ರಾಂಶದಿಂದ ಓದಿಸಿ, ಲೆಕ್ಕದ ಹಾಳೆಗಳಾಗಿ ಹಿಂತಿರುಗಿಸುತ್ತೇವೆ. ಓದಿಸುವ ತಂತ್ರಾಂಶ ಆಗಾಗ ಬದಲಾಗುತ್ತದೆ. ಹೊಸ ಆವೃತ್ತಿ ಬರುತ್ತದೆ, ನಾವೇ ಸೆಟ್ಟಿಂಗ್ ತಿದ್ದುತ್ತೇವೆ, ಸ್ಕ್ಯಾನರ್ ಬದಲಾಗುತ್ತದೆ. ಪ್ರತಿ ಬದಲಾವಣೆಯ ನಂತರವೂ ಓದುವಿಕೆ ಉತ್ತಮವಾಯಿತೇ ಕೆಟ್ಟಿತೇ ಎಂಬುದನ್ನು ಅಂದಾಜಿನಿಂದಲ್ಲ, ಅಳತೆಯಿಂದ ಹೇಳಬೇಕು ಎಂಬ ಉದ್ದೇಶದಿಂದ ನಾವು 40 ಪುಟಗಳ ಒಂದು ಗ್ರೌಂಡ್ ಟ್ರುತ್ ಸಂಗ್ರಹವನ್ನು, ಅಂದರೆ ಪ್ರತಿ ಸೆಲ್‌ನ ಸರಿಯುತ್ತರವನ್ನೂ ಮನುಷ್ಯರೇ ಬರೆದಿಟ್ಟ ಪ್ರತಿಯನ್ನು, ಕಟ್ಟಿಕೊಂಡೆವು. ಆ ಕೆಲಸದಲ್ಲಿ ನಾನು ಕಲಿತದ್ದನ್ನು ಮುಖ್ಯವಾಗಿ ಔಟ್‌ಟರ್ನ್ ಪಟ್ಟಿಯ ಒಂದು ಸಾಲನ್ನು ಹಿಡಿದು ಇಲ್ಲಿ ಬರೆಯುತ್ತಿದ್ದೇನೆ.

ತೋಟದಿಂದ ಒಳಸಿಪ್ಪೆಯೊಂದಿಗೇ ಹೋದ ಪಾರ್ಚ್‌ಮೆಂಟ್ ಕಾಫಿಯನ್ನು ಹಲ್ ಮಾಡಿ, ಅಂದರೆ ಆ ಸಿಪ್ಪೆ ತೆಗೆದು, ಜರಡಿಯಲ್ಲಿ ಗಾತ್ರದ ಪ್ರಕಾರ ಬೇರ್ಪಡಿಸಿದ ಮೇಲೆ, ಯಾವ ಗ್ರೇಡಿನಲ್ಲಿ ಎಷ್ಟು ಕಿಲೋ ಬಂತು ಎಂಬುದನ್ನು ಔಟ್‌ಟರ್ನ್ ಪಟ್ಟಿ ತೋರಿಸುತ್ತದೆ. ನಮ್ಮ ಸಂಗ್ರಹದ ಒಂದು ಪುಟದಲ್ಲಿ ಒಂಬತ್ತು ಕಾಲಂಗಳಿವೆ: ಲಾಟ್ ನಂಬರ್, ಪಾರ್ಚ್‌ಮೆಂಟ್ ತೂಕ, ಪಿಬಿ, ಎಎ, ಎ, ಬಿ, ಸಿ, ಬಿಟ್ಸ್ ಎಂಬ ಆರು ಗ್ರೇಡುಗಳು, ಒಟ್ಟು. ಅದರ ಒಂದು ಸಾಲಿನಲ್ಲಿ 14ನೇ ಲಾಟಿನ 720 ಕಿಲೋ ಪಾರ್ಚ್‌ಮೆಂಟಿಗೆ ಪಿಬಿ 42, ಎ 310, ಬಿ 128, ಸಿ 61, ಬಿಟ್ಸ್ 29, ಒಟ್ಟು 570 ಎಂದು ಬರೆದಿದೆ. ಆ ಲಾಟಿನಲ್ಲಿ ಎಎಯನ್ನು ಪ್ರತ್ಯೇಕವಾಗಿ ತೆಗೆದಿಲ್ಲವಾದ್ದರಿಂದ ಎಎ ಸೆಲ್ ಖಾಲಿ ಇದೆ.

ಒಂದು ಹೊಸ ಆವೃತ್ತಿ ಈ ಸಾಲನ್ನು ಓದುವಾಗ ಖಾಲಿ ಸೆಲ್ಲನ್ನು ನುಂಗಿತು. 310 ಎಂಬುದು ಎಎ ಕೆಳಗೆ ಬಂತು, 128 ಎ ಕೆಳಗೆ, 61 ಬಿ ಕೆಳಗೆ, 29 ಸಿ ಕೆಳಗೆ ಸರಿದವು, ಬಿಟ್ಸ್ ಖಾಲಿಯಾಯಿತು. ಒಟ್ಟು ತೂಕದ ಕಾಲಂ ಮಾತ್ರ ಬಲಅಂಚಿನ ಗೆರೆಗೆ ಅಂಟಿಕೊಂಡಿದ್ದರಿಂದ ತನ್ನ ಜಾಗದಲ್ಲೇ ಉಳಿಯಿತು. ಅಕ್ಷರ ಓದುವುದರಲ್ಲಿ ಒಂದು ತಪ್ಪೂ ಇಲ್ಲ, ಎಂಟು ಅಂಕಿಗಳೂ ಕಾಗದದಲ್ಲಿರುವಂತೆಯೇ ಇವೆ. ಆದರೆ ಈ ಸಾಲನ್ನು ನಂಬಿ ಗ್ರೇಡುವಾರು ದರ ಹಾಕಿದರೆ ಬೆಳೆಗಾರರಿಗೆ ಬೇರೆಯೇ ಹಣ ತೋರಿಸುತ್ತದೆ.

ಇಂತಹ ತಪ್ಪನ್ನು ಯಾವ ಅಳತೆ ಹಿಡಿಯುತ್ತದೆ, ಯಾವುದು ಹಿಡಿಯುವುದಿಲ್ಲ ಎಂಬುದೇ ಪರೀಕ್ಷಾ ಸಂಗ್ರಹದ ತಿರುಳು. ಪುಟದಲ್ಲಿರುವ ಅಂಕಿಗಳಷ್ಟೂ ಫಲಿತಾಂಶದಲ್ಲಿ ಸಿಕ್ಕವೇ ಎಂದು ಮಾತ್ರ ನೋಡುವ ಅಳತೆ ಈ ಸಾಲಿಗೆ ಎಂಟಕ್ಕೆ ಎಂಟು ಕೊಡುತ್ತದೆ. ಸಾಲಿನ ಗ್ರೇಡುಗಳನ್ನು ಕೂಡಿಸಿ ಒಟ್ಟಿಗೆ ಹೋಲಿಸುವ ತಾಳೆಯೂ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅಂಕಿಗಳು ಎಡಕ್ಕೆ ಸರಿದರೂ ಅವುಗಳ ಮೊತ್ತ 570 ಆಗಿಯೇ ಇರುತ್ತದೆ. ಕೋಷ್ಟಕವನ್ನು ಮರದ ರಚನೆಯಾಗಿ ನೋಡಿ, ಒಂದನ್ನು ಇನ್ನೊಂದಾಗಿ ತಿದ್ದಲು ಎಷ್ಟು ಹೆಜ್ಜೆ ಬೇಕೆಂದು ಎಣಿಸುವ ಟೆಡ್ಸ್ ಎಂಬ ಅಳತೆ ಈ ಕ್ಷೇತ್ರದಲ್ಲಿ ಬಹಳ ಬಳಕೆಯಲ್ಲಿದೆ. ಅದಕ್ಕೆ ಅಂಕಿಗಳ ಈ ಇಡೀ ಸರಿದಾಟ ಎರಡೇ ಹೆಜ್ಜೆಯಾಗಿ ಕಾಣುತ್ತದೆ: ಒಂದು ಖಾಲಿ ಸೆಲ್ ಅಳಿಸಿ, ಇನ್ನೊಂದನ್ನು ಮುಂದೆ ಸೇರಿಸಿದರೆ ಮುಗಿಯಿತು. ತಲೆಸಾಲೂ ಸೇರಿ ಇಪ್ಪತ್ತು ಸಾಲು, ಒಂಬತ್ತು ಕಾಲಂಗಳ ಪುಟದಲ್ಲಿ ಎರಡು ಹೆಜ್ಜೆಯೆಂದರೆ ಅಂಕ ಸುಮಾರು 0.99ರಲ್ಲಿ ನಿಲ್ಲುತ್ತದೆ. ಬೇರೆ ಬೇರೆ ವಿಧಾನಗಳನ್ನು ಹೋಲಿಸಲು ಅದು ಒಳ್ಳೆಯ ಅಳತೆಯೇ, ಆದರೆ ನಮ್ಮ ಬಳಕೆಯಲ್ಲಿ ಆಗುವ ಹಾನಿಯನ್ನು ಅದು ಹೇಳುವುದಿಲ್ಲ.

ಆದ್ದರಿಂದ ನಾವು ಪ್ರತಿ ಸೆಲ್ಲನ್ನೂ ಅದರ ಸ್ಥಾನದೊಂದಿಗೆ ಬರೆದಿಟ್ಟೆವು, ಖಾಲಿ ಸೆಲ್‌ಗಳಿಗೂ ಒಂದೊಂದು ಸಾಲು ಕೊಟ್ಟೆವು.

```
page_id,table,row,col,rowspan,colspan,text
p017,1,5,3,1,1,42
p017,1,5,4,1,1,
p017,1,5,5,1,1,310
```

ನಡುವಿನ ಸಾಲು ಇಲ್ಲದಿದ್ದರೆ ಖಾಲಿ ಇರಬೇಕಾದ ಕಡೆ ಏನೋ ಬಂದಿದೆ ಎಂಬುದನ್ನು ಹೇಳುವ ದಾರಿಯೇ ಇರುತ್ತಿರಲಿಲ್ಲ. ಈ ಪ್ರತಿಗೆ ಹೋಲಿಸಿದರೆ 14ನೇ ಲಾಟಿನ ಒಂಬತ್ತು ಸೆಲ್‌ಗಳಲ್ಲಿ ಐದು ತಪ್ಪು. ಅದಕ್ಕಿಂತ ಹೆಚ್ಚಾಗಿ ನಾವು ನೆಚ್ಚಿಕೊಂಡಿರುವುದು ಎಷ್ಟು ಸಾಲುಗಳು ಪೂರ್ತಿ ಸರಿ ಎಂಬ ಲೆಕ್ಕವನ್ನು, ಏಕೆಂದರೆ ತೋಟದ ಲೆಕ್ಕ ಬರೆಯುವವರು ಬಳಸುವುದು ಇಡೀ ಸಾಲನ್ನು. ಜೊತೆಗೆ ಪ್ರತಿ ತಪ್ಪನ್ನೂ ಎರಡು ಗುಂಪಾಗಿ ಬೇರ್ಪಡಿಸುತ್ತೇವೆ: ಅಂಕಿಯನ್ನೇ ತಪ್ಪಾಗಿ ಓದಿದ್ದು ಒಂದು, ಅಂಕಿ ಸರಿಯಿದ್ದು ಅದೇ ಸಾಲಿನ ಬೇರೆ ಕಾಲಂನಲ್ಲಿ ಕುಳಿತದ್ದು ಇನ್ನೊಂದು. ಹೊಸ ಆವೃತ್ತಿಯಲ್ಲಿ ಮೊದಲ ಗುಂಪು ಚೆನ್ನಾಗಿ ಇಳಿದಿತ್ತು, ಎರಡನೆಯದು ಏರಿತ್ತು, ಎರಡನ್ನೂ ಬೆರೆಸಿದ ಒಟ್ಟು ಅಂಕ ಮೇಲಕ್ಕೇ ಹೋಗಿತ್ತು. ಒಟ್ಟು ಅಂಕವನ್ನು ಮಾತ್ರ ನೋಡಿದವರು ಆ ಆವೃತ್ತಿಯನ್ನು ಸಂತೋಷದಿಂದ ಒಪ್ಪಿಕೊಳ್ಳುತ್ತಿದ್ದರು.

ಹೋಲಿಸುವ ಮೊದಲು ಸಾಲುಗಳನ್ನು ಜೋಡಿಸಿಕೊಳ್ಳಬೇಕು. ತಂತ್ರಾಂಶ ಮೇಲಿನ ಒಂದು ಸಾಲನ್ನು ಬಿಟ್ಟುಬಿಟ್ಟರೆ, ಕೇವಲ ಸಾಲಿನ ಕ್ರಮಸಂಖ್ಯೆಯಿಂದ ಹೋಲಿಸುವಾಗ ಕೆಳಗಿನ ಸಾಲುಗಳೆಲ್ಲ ತಪ್ಪೆಂದು ಬರುತ್ತವೆ. ನಾವು ಲಾಟ್ ನಂಬರನ್ನೇ ಹಿಡಿದು ಜೋಡಿಸುತ್ತೇವೆ, ನಂಬರ್ ಹೊಂದದ ಸಾಲುಗಳನ್ನು ಮಾತ್ರ ಅಕ್ಕಪಕ್ಕದ ಕ್ರಮ ನೋಡಿ ಜೋಡಿಸುತ್ತೇವೆ.

ಸರಿಯುತ್ತರದ ಪ್ರತಿಯನ್ನು ತಯಾರಿಸುವ ವಿಧಾನದ ಬಗ್ಗೆ ನನಗೆ ದೃಢವಾದ ಅಭಿಪ್ರಾಯವಿದೆ. ತಂತ್ರಾಂಶದ ಫಲಿತಾಂಶವನ್ನೇ ತೆರೆದಿಟ್ಟುಕೊಂಡು ತಪ್ಪಿದ್ದಲ್ಲಿ ತಿದ್ದುವುದು ಬೇಗ ಮುಗಿಯುವ ದಾರಿ, ಆದರೆ ಹಾಗೆ ಮಾಡಬಾರದು. ತುಂಬಿದ ಹಾಳೆಯನ್ನು ನೋಡುವ ಕಣ್ಣು ಅದು ತೋರಿಸಿದ್ದನ್ನೇ ಒಪ್ಪಿಕೊಳ್ಳುತ್ತದೆ, ಮಸುಕಾದ 3 ಮತ್ತು 8ರ ನಡುವೆ ಆಯ್ಕೆ ಬಂದಾಗ ತಂತ್ರಾಂಶದ ಕಡೆಗೇ ವಾಲುತ್ತದೆ. ಅಂತಹ ಪ್ರತಿಯಿಂದ ಅಳೆದರೆ ಅದೇ ತಂತ್ರಾಂಶಕ್ಕೆ ಅರ್ಹತೆಗಿಂತ ಹೆಚ್ಚು ಅಂಕ ಸಿಗುತ್ತದೆ. ನಮ್ಮಲ್ಲಿ ಇಬ್ಬರು ಪರಸ್ಪರ ನೋಡದೆ ಖಾಲಿ ಹಾಳೆಯಿಂದ ಟೈಪ್ ಮಾಡಿದರು. ಎರಡೂ ಪ್ರತಿಗಳು ಹೊಂದದ ಸೆಲ್‌ಗಳನ್ನು ಮೂರನೆಯವರು ಮೂಲ ಕಾಗದ ಹಿಡಿದು ತೀರ್ಮಾನಿಸಿದರು. ಸಂಗ್ರಹ ಸಣ್ಣದಾಗಿರುವುದಕ್ಕೆ ಈ ಶ್ರಮವೇ ಕಾರಣ, ಮತ್ತು ಎಚ್ಚರಿಕೆಯಿಂದ ಮಾಡಿದ 40 ಪುಟ ಅವಸರದ 400 ಪುಟಕ್ಕಿಂತ ನಮ್ಮ ಕೆಲಸಕ್ಕೆ ಹೆಚ್ಚು ಉಪಯುಕ್ತ ಎಂದೇ ನಾನು ನಂಬಿದ್ದೇನೆ.

ಟೈಪ್ ಮಾಡುವ ಮೊದಲೇ ನಿಯಮ ಬರೆದಿಡುವುದು ಎಷ್ಟು ಅಗತ್ಯವೆಂದು ಮಳೆ ಪುಸ್ತಕಗಳು ತೋರಿಸಿಕೊಟ್ಟವು. ಮಲೆನಾಡಿನ ತೋಟಗಳಲ್ಲಿ ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಬರೆಯುವ ರೂಢಿಯಿದೆ, ನೂರು ಸೆಂಟಿಗೆ ಒಂದು ಇಂಚು. ಒಂದು ಇಂಚು ಐದು ಸೆಂಟನ್ನು ಒಬ್ಬ ರೈಟರ್ 1-05 ಎಂದು ಬರೆದರೆ ಇನ್ನೊಬ್ಬರು 1-5 ಎಂದು ಬರೆದಿರುತ್ತಾರೆ. ಅಡ್ಡಗೆರೆಯನ್ನು ದಶಮಾಂಶ ಚುಕ್ಕೆಯೆಂದು ಸಮೀಕರಿಸಿದರೆ ಎರಡನೆಯದು ಒಂದೂವರೆ ಇಂಚಾಗುತ್ತದೆ. ಇನ್ನು ಖಾಲಿ ಬಿಟ್ಟ ದಿನ ಮಳೆ ಬಾರದ ದಿನವೋ, ಅಳೆಯದೆ ಬಿಟ್ಟ ದಿನವೋ ಎಂಬ ಪ್ರಶ್ನೆ. ಟೈಪ್ ಮಾಡುತ್ತಿದ್ದ ಸಹೋದ್ಯೋಗಿ "ಸರ್, ಈ ಮನೆಗೆ ಸೊನ್ನೆ ಹಾಕ್ಲಾ, ಹಾಗೇ ಬಿಡ್ಲಾ?" ಎಂದು ಕೇಳಿದಾಗ ಒಂದು ತೀರ್ಮಾನಕ್ಕೆ ಬಂದೆವು: ಸರಿಯುತ್ತರದಲ್ಲಿ ಕಾಗದದಲ್ಲಿ ಕಾಣುವುದನ್ನು ಮಾತ್ರ ಬರೆಯಬೇಕು. ಖಾಲಿಯನ್ನು ಖಾಲಿಯಾಗಿ, ಮೇಲಿನಂತೆಯೇ ಎಂದು ಸೂಚಿಸುವ ಎರಡು ಗೀಟುಗಳನ್ನು ಗೀಟುಗಳಾಗಿಯೇ ಬಿಡಬೇಕು. ಅರ್ಥ ಮಾಡಿಕೊಳ್ಳುವುದು ಮುಂದಿನ ಹಂತದ ಕೆಲಸ, ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಹೋಲಿಸುವಾಗ ನಾವು ಸಮೀಕರಿಸುವುದು ಅನಗತ್ಯ ಜಾಗ, ಸಾವಿರ ಲಕ್ಷದ ಅಲ್ಪವಿರಾಮ, ಕನ್ನಡ ಅಂಕಿಗಳು ಇಷ್ಟನ್ನು ಮಾತ್ರ.

ಪುಟಗಳನ್ನು ಆರಿಸುವಾಗ ಕಣ್ಣುಮುಚ್ಚಿ ಎತ್ತಿಕೊಳ್ಳಲಿಲ್ಲ. ಹಾಗೆ ಮಾಡಿದ್ದರೆ ನಮ್ಮಲ್ಲಿ ಹೇರಳವಾಗಿರುವ ಗೆರೆ ಹಾಕಿದ ಮುದ್ರಿತ ಪಟ್ಟಿಗಳೇ ತುಂಬಿಕೊಂಡು, ಕೈಬರಹದ ಪುಸ್ತಕಗಳು ಒಂದೆರಡು ಬರುತ್ತಿದ್ದವು. ವಿನ್ಯಾಸದ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನಿಂದ ಪುಟಗಳನ್ನು ತೆಗೆದು, ಅಂಕವನ್ನೂ ಗುಂಪುವಾರು ಬರೆಯುತ್ತೇವೆ. ಈ ಪುಟಗಳನ್ನು ನೋಡಿಕೊಂಡು ಸೆಟ್ಟಿಂಗ್ ತಿದ್ದುವಂತಿಲ್ಲ. ತಿದ್ದಲು ಬೇರೆ ಪುಟಗಳಿವೆ.

ಕಾಲದಿಂದ ಕಾಲಕ್ಕೆ ಹೋಲಿಸುವಾಗ ಸಣ್ಣ ಸಂಗ್ರಹದ ಮಿತಿಯನ್ನು ಮರೆಯಬಾರದು. ಸಾವಿರಾರು ಸೆಲ್‌ಗಳಿದ್ದರೂ ಅವು ಬಿಡಿಬಿಡಿ ಸಾಕ್ಷ್ಯಗಳಲ್ಲ. ಒಂದು ಪುಟ ಓರೆಯಾಗಿ ಸ್ಕ್ಯಾನ್ ಆಗಿದ್ದರೆ ಅದರ ಸೆಲ್‌ಗಳೆಲ್ಲ ಒಟ್ಟಿಗೆ ಕೆಡುತ್ತವೆ, ಹಾಗಾಗಿ ಎಣಿಸಬೇಕಾದದ್ದು ಪುಟಗಳನ್ನು. ಹಳೆಯ ಮತ್ತು ಹೊಸ ಆವೃತ್ತಿಗಳ ನಡುವೆ ಎಷ್ಟು ಪುಟ ಸುಧಾರಿಸಿದವು, ಎಷ್ಟು ಕೆಟ್ಟವು, ಎಷ್ಟು ಹಾಗೆಯೇ ಉಳಿದವು ಎಂದು ನೋಡುತ್ತೇವೆ. 31 ಪುಟ ಹಾಗೆಯೇ ಇದ್ದು, 5 ಸುಧಾರಿಸಿ, 4 ಕೆಟ್ಟಿದ್ದರೆ, ಒಟ್ಟು ಅಂಕ ಸ್ವಲ್ಪ ಏರಿದ್ದರೂ ಸುಧಾರಣೆಯಾಯಿತೆಂದು ಹೇಳಲು ಆಧಾರವಿಲ್ಲ. ಅದೇ 9 ಸುಧಾರಿಸಿ ಒಂದೂ ಕೆಡದಿದ್ದರೆ ಅದು ಆಕಸ್ಮಿಕವಾಗಿರುವ ಸಾಧ್ಯತೆ ತೀರ ಕಡಿಮೆ: ನಾಣ್ಯವನ್ನು ಒಂಬತ್ತು ಸಲ ಚಿಮ್ಮಿಸಿ ಒಂಬತ್ತೂ ಸಲ ಒಂದೇ ಮುಖ ಬರುವುದಕ್ಕೆ 256ರಲ್ಲಿ ಒಂದು ಅವಕಾಶ. ಕೆಟ್ಟ ಪುಟಗಳು ಎಷ್ಟೇ ಕಡಿಮೆಯಿದ್ದರೂ ಪ್ರತಿಯೊಂದನ್ನೂ ತೆರೆದು ನೋಡುತ್ತೇವೆ. 14ನೇ ಲಾಟಿನ ಸರಿದಾಟ ಕಂಡದ್ದು ಹಾಗೆಯೇ.

ಸರಿಯುತ್ತರದಲ್ಲೂ ತಪ್ಪು ಉಳಿದಿರುತ್ತದೆ. ತಂತ್ರಾಂಶ ಒಪ್ಪದ ಸೆಲ್‌ಗಳನ್ನು ಮಾತ್ರ ಮರುಪರಿಶೀಲಿಸಿದರೆ ತಿದ್ದುಪಡಿಗಳೆಲ್ಲ ತಂತ್ರಾಂಶದ ಪರವಾಗಿಯೇ ಬರುತ್ತವೆ. ಆದ್ದರಿಂದ ಎರಡೂ ಒಪ್ಪಿದ ಸೆಲ್‌ಗಳಲ್ಲಿ ಕೆಲವನ್ನು ಕೂಡ ಪ್ರತಿ ಬಾರಿ ಎತ್ತಿಕೊಂಡು ಕಾಗದಕ್ಕೆ ತಾಳೆ ನೋಡುತ್ತೇವೆ. ಸರಿಯುತ್ತರವನ್ನಾಗಲಿ ಹೋಲಿಕೆಯ ನಿಯಮವನ್ನಾಗಲಿ ಬದಲಿಸಿದರೆ ಹಳೆಯ ಎಲ್ಲ ಆವೃತ್ತಿಗಳ ಅಂಕವನ್ನೂ ಮತ್ತೆ ಲೆಕ್ಕ ಹಾಕಬೇಕು, ಇಲ್ಲದಿದ್ದರೆ ಕಳೆದ ವರ್ಷದ ಅಂಕವನ್ನು ಈ ವರ್ಷದ ಅಂಕದ ಪಕ್ಕದಲ್ಲಿಡುವುದಕ್ಕೆ ಅರ್ಥವಿಲ್ಲ. ಅದಕ್ಕಾಗಿಯೇ ಪ್ರತಿ ಆವೃತ್ತಿಯ ಮೂಲ ಫಲಿತಾಂಶವನ್ನು ಅಂಕದ ಜೊತೆಗೆ ಉಳಿಸಿಕೊಂಡಿದ್ದೇವೆ.

ಕಾಫಿ ಕೊಯ್ಲು ಮುಗಿದು ಕ್ಯೂರಿಂಗ್ ನಡೆದಂತೆ ಕೆಲವು ಪಟ್ಟಿಗಳು ಹೊಸ ವಿನ್ಯಾಸದಲ್ಲಿ ಬರುತ್ತವೆ. ಅವನ್ನು ಮೂಲದ 40 ಪುಟಗಳೊಳಗೆ ಸೇರಿಸುವುದಿಲ್ಲ. ಆ ವರ್ಷದ ಹೆಸರಿನಲ್ಲಿ ಬೇರೆ ಕಂತು ಮಾಡಿ, ಅದರ ಅಂಕವನ್ನು ಬೇರೆ ಸಾಲಿನಲ್ಲಿ ಬರೆಯುತ್ತೇವೆ. ಮೂಲ ಕಂತಿನ ಅಂಕ ಇಳಿದರೆ ಬದಲಾದದ್ದು ತಂತ್ರಾಂಶ ಅಥವಾ ನಮ್ಮ ಸೆಟ್ಟಿಂಗ್. ಮೂಲ ಕಂತು ಹಾಗೆಯೇ ಇದ್ದು ಹೊಸ ಕಂತಿನ ಅಂಕ ಮಾತ್ರ ಕಡಿಮೆಯಿದ್ದರೆ ಬದಲಾದದ್ದು ಕಾಗದ ಅಥವಾ ಸ್ಕ್ಯಾನರ್. ಒಂದಂತೂ ಮೂಲ ಕಂತಿನಿಂದ ತಿಳಿಯುವುದಿಲ್ಲ: ಸ್ಕ್ಯಾನರ್ ಕೆಟ್ಟರೆ ಅದು ತೋರಿಸುವುದಿಲ್ಲ, ಏಕೆಂದರೆ ಅದರ ಚಿತ್ರಗಳು ಎಂದೋ ತೆಗೆದಿಟ್ಟವು. ಅದಕ್ಕಾಗಿ ಅದೇ ಪುಟಗಳಲ್ಲಿ ಕೆಲವನ್ನು ತೋಟದವರಿಂದ ಅನುಮತಿ ಪಡೆದು ನಮ್ಮಲ್ಲೇ ಇರಿಸಿಕೊಂಡು, ಸ್ಕ್ಯಾನರ್ ಬದಲಾದಾಗ ಮತ್ತೆ ಸ್ಕ್ಯಾನ್ ಮಾಡಿ ಅದೇ ಸರಿಯುತ್ತರಕ್ಕೆ ಹೋಲಿಸುತ್ತೇವೆ.