ಎರಡು ಬಾಟಲ್, ಎರಡು ಗಂಟೆ: ಸೆಂಟ್ರಲ್ ಲೈನ್ ತೆಗೆಯೋದಾ, ಇಡೋದಾ?

ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳದೊಳಗೆ ಹೃದಯದ ಹತ್ತಿರದ ತನಕ ತೂರಿಸಿದ ಕೊಳವೆ ಇರುವ ರೋಗಿಗೆ ಜ್ವರ ಬಂದರೆ ಐಸಿಯುನಲ್ಲಿ ಸಾಮಾನ್ಯವಾಗಿ ಎರಡು ಮಾತು ಕೇಳಿಸುತ್ತವೆ. ಒಬ್ಬರು ‘ಮೊದಲು ಲೈನ್ ಕಿತ್ತು ಹಾಕಿ’ ಅನ್ನುತ್ತಾರೆ. ಇನ್ನೊಬ್ಬರು ‘ಆಂಟಿಬಯಾಟಿಕ್ ಬದಲಿಸಿ, ಇನ್ನೆರಡು ದಿನ ನೋಡೋಣ’ ಅನ್ನುತ್ತಾರೆ. ಇಬ್ಬರೂ ಮಾತಾಡುತ್ತಿರುವುದು ಬರೀ ಅಂದಾಜಿನ ಮೇಲೆ. ಆ ಲೈನೇ ಜ್ವರಕ್ಕೆ ಕಾರಣವೋ ಅಲ್ಲವೋ ಅಂತ ಲೈನ್ ಕೀಳದೇನೇ ಹೇಳುವ ಒಂದು ದಾರಿ ಇದೆ, ಆದರೆ ಅದು ಕೆಲಸ ಮಾಡುವುದು ರಕ್ತ ತೆಗೆಯುವವರು ಸರಿಯಾಗಿ ತೆಗೆದರೆ ಮಾತ್ರ.

ಒಂದು ಕೇಸ್ ಹೇಳುತ್ತೇನೆ. ಐವತ್ತು ದಾಟಿದ ಗಂಡಸು, ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ. ಕುತ್ತಿಗೆಯ ಬಲಗಡೆ ಮೂರು ಲ್ಯೂಮೆನ್‌ನ, ಅಂದರೆ ಒಳಗೆ ಮೂರು ದಾರಿ ಇರುವ ಲೈನ್, ಹಾಕಿ ಎಂಟನೇ ದಿನ. ಬಿಪಿ ಏರಿಸುವ ಔಷಧಿ ನಿಂತಿತ್ತು, ಗಂಜಿ ಕುಡಿಯೋಕೆ ಶುರು ಮಾಡಿದ್ದರು, ಮರುದಿನ ವಾರ್ಡ್‌ಗೆ ಕಳಿಸುವ ಮಾತಿತ್ತು. ಸಂಜೆ ಲೈನ್‌ನಲ್ಲಿ ಪೊಟ್ಯಾಸಿಯಂ ಡ್ರಿಪ್ ಶುರು ಮಾಡಿದ ಸ್ವಲ್ಪ ಹೊತ್ತಿಗೆ ಮಂಚ ಅಲ್ಲಾಡುವ ಹಾಗೆ ನಡುಕ ಬಂತು, ಜ್ವರ 102. ‘ಸರ್, ಡ್ರಿಪ್ ಹಾಕಿದ ಮೇಲೇ ನಡುಕ ಶುರುವಾಗಿದ್ದು’ ಅಂತ ಸಿಸ್ಟರ್ ಹೇಳಿದರು. ಆ ಒಂದು ಮಾತಿಗೆ ತುಂಬ ಬೆಲೆಯಿದೆ. ಲೈನ್ ಒಳಗೆ ಕೂತಿದ್ದ ರೋಗಾಣುಗಳನ್ನು ಡ್ರಿಪ್ ತಳ್ಳಿಕೊಂಡು ಹೋಗಿ ರಕ್ತಕ್ಕೆ ಸುರಿದರೆ ಹೀಗೇ ಆಗುತ್ತದೆ.

ಲೈನ್ ಹೊಕ್ಕ ಜಾಗ ನೋಡಿದರೆ ಕೆಂಪಿಲ್ಲ, ಕೀವಿಲ್ಲ. ಇದನ್ನು ನೋಡಿ ಸಮಾಧಾನ ಪಟ್ಟುಕೊಳ್ಳುವವರು ಜಾಸ್ತಿ. ಲೈನ್ ಇನ್ಫೆಕ್ಷನ್ ಇರುವ ಬಹಳಷ್ಟು ಜನರಲ್ಲಿ ಚರ್ಮ ಸ್ವಚ್ಛವಾಗೇ ಇರುತ್ತದೆ. ಎದೆ ಎಕ್ಸ್‌ರೇ, ಮೂತ್ರ ಎರಡರಲ್ಲೂ ಹೊಸದೇನೂ ಇರಲಿಲ್ಲ. ಬಿಪಿ 110/70. ಬಿಪಿ ಬೀಳದೆ ನಿಂತಿದ್ದರಿಂದಲೇ ಕಾಯಲು ಅವಕಾಶ ಸಿಕ್ಕಿತು. ಬಿಪಿ ಬೀಳುತ್ತಿದ್ದು ಬೇರೆ ಕಾರಣ ಕಾಣದಿದ್ದರೆ ಕಲ್ಚರ್‌ಗೆ, ಅಂದರೆ ರೋಗಾಣು ಬೆಳೆಸಿ ನೋಡುವ ಪರೀಕ್ಷೆಗೆ ರಕ್ತ ತೆಗೆದು ಅಲ್ಲೇ ಲೈನ್ ತೆಗೆಯುತ್ತಿದ್ದೆವು, ರಿಪೋರ್ಟ್ ಅಂತ ಕೂರುತ್ತಿರಲಿಲ್ಲ.

ಆಮೇಲೆ ಜೋಡಿ ಕಲ್ಚರ್. ಒಂದು ಬಾಟಲ್‌ಗೆ ಲೈನ್‌ನಿಂದ ರಕ್ತ, ಇನ್ನೊಂದಕ್ಕೆ ಕೈಯ ನರದಿಂದ. ಹಿಂದಿನ ವಿಚಾರ ಸರಳ. ಲ್ಯಾಬ್ ಮಷಿನ್ ಒಳಗೆ ಬಾಟಲ್ ಬೆಚ್ಚಗೆ ಕೂತಿರುತ್ತದೆ, ರೋಗಾಣು ಬೆಳೆದು ಗಾಳಿ ಬಿಟ್ಟ ಕೂಡಲೇ ಮಷಿನ್ ಕೂಗುತ್ತದೆ. ಬಾಟಲ್‌ಗೆ ಜಾಸ್ತಿ ರೋಗಾಣು ಬಿದ್ದಿದ್ದರೆ ಬೇಗ ಕೂಗುತ್ತದೆ. ಸೋಂಕು ಲೈನ್‌ನಲ್ಲೇ ಇದ್ದರೆ ಲೈನ್ ಮೂಲಕ ಬಂದ ರಕ್ತದಲ್ಲಿ ಕೈಯ ರಕ್ತಕ್ಕಿಂತ ತುಂಬ ಜಾಸ್ತಿ ಇರುತ್ತವೆ. ಹಾಗಾಗಿ ಎರಡರಲ್ಲೂ ಅದೇ ರೋಗಾಣು ಬೆಳೆದು, ಲೈನ್ ಬಾಟಲ್ ಕನಿಷ್ಠ 120 ನಿಮಿಷ ಮೊದಲು ಕೂಗಿದರೆ ಲೈನೇ ಮೂಲ ಅಂತ ಹಿಡಿಯುತ್ತೇವೆ.

ಈ ಲೆಕ್ಕ ಕೆಡುವುದೆಲ್ಲ ಬೆಡ್ ಹತ್ತಿರವೇ. ಲೈನ್‌ನಿಂದ ರಕ್ತ ಸಲೀಸಾಗಿ ಬರುತ್ತದೆ, ಹಾಗಾಗಿ 10 ಎಂಎಲ್ ತುಂಬುತ್ತಾರೆ. ಊದಿದ ಕೈಯಲ್ಲಿ ನರ ಸಿಗದೆ ಒದ್ದಾಡಿ 3 ಎಂಎಲ್ ತೆಗೆದು ಸಾಕು ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು, ರಕ್ತ ಜಾಸ್ತಿ ಇರುವ ಬಾಟಲ್ ಮೊದಲು ಕೂಗೇ ಕೂಗುತ್ತದೆ, ಅದು ಲೈನ್ ತಪ್ಪಲ್ಲ. ಎರಡಕ್ಕೂ ಒಂದೇ ಅಳತೆ, ಹತ್ತು ಹದಿನೈದು ನಿಮಿಷದೊಳಗೆ ಎರಡೂ, ಆಂಟಿಬಯಾಟಿಕ್ ಕೊಡುವ ಮೊದಲು. ಲೈನ್‌ನ ಹೊರತುದಿಯ ಹಬ್ ಮೇಲಿನ ಹಳೇ ಕನೆಕ್ಟರ್ ತೆಗೆದು, ಉಜ್ಜಿ, ಹೊಸದು ಹಾಕಿ ರಕ್ತ ಎಳೆಯಬೇಕು, ಇಲ್ಲದಿದ್ದರೆ ಕನೆಕ್ಟರ್‌ನ ಕೊಳೆಯನ್ನೇ ಕಲ್ಚರ್ ಮಾಡಿದ ಹಾಗಾಗುತ್ತದೆ. ಬಾಟಲ್ ಮೇಲೆ ಯಾವ ಕಡೆಯದು, ಎಷ್ಟು ಹೊತ್ತಿಗೆ ಅಂತ ಬರೆಯಬೇಕು. ದುಡ್ಡು ಉಳಿಸೋಕೆ ಲೈನ್‌ನಿಂದ ಒಂದೇ ಬಾಟಲ್ ಕಳಿಸುವ ರೂಢಿ ಹಲವು ಕಡೆ ಇದೆ. ಆ ಒಂದು ಬಾಟಲ್‌ನಿಂದ ಸಿಗುವುದು ಉತ್ತರಕ್ಕಿಂತ ಜಾಸ್ತಿ ಗೊಂದಲವೇ.

ನಮ್ಮ ರೋಗಿಯ ಲೈನ್ ಬಾಟಲ್ 11 ಗಂಟೆಗೆ ಕೂಗಿತು. ಕೈಯದು 14 ಗಂಟೆ 10 ನಿಮಿಷಕ್ಕೆ. ಅಂತರ 190 ನಿಮಿಷ. ರೋಗಾಣುವಿಗೆ ಬಣ್ಣ ಹಾಕಿ ನೋಡುವ ಗ್ರಾಮ್ ಸ್ಟೇನ್‌ನಲ್ಲಿ ಗೊಂಚಲು ಗೊಂಚಲಾಗಿ ದುಂಡನೆಯ ಗ್ರಾಮ್ ಪಾಸಿಟಿವ್ ಕಾಕೈ. ಅಂದರೆ ಸ್ಟೆಫಿಲೋಕಾಕಸ್, ಆದರೆ ಆರಿಯಸ್ಸೋ, ಚರ್ಮದ ಮೇಲೆ ಸುಮ್ನೆ ಇರುವ ಬಗೆಯೋ ಅಂತ ಆಗಲೇ ಹೇಳಲಾಗದು. ಹಾಗಂತ ಕಾಯಲಿಲ್ಲ. ಇಂಥ ಸಾಮಾನ್ಯ ಲೈನ್ ಆದರೆ ಎರಡರಲ್ಲಿ ಯಾವುದಾದರೂ ತೆಗೆಯುವುದೇ ಸರಿ. ಹಿಂದಿನ ರಾತ್ರಿ ಕಲ್ಚರ್‌ಗೆ ರಕ್ತ ತೆಗೆದ ಕೂಡಲೇ ಕೈಯ ಕ್ಯಾನುಲಾದಲ್ಲಿ ವ್ಯಾಂಕೊಮೈಸಿನ್ ಶುರುವಾಗಿತ್ತು. ಬೆಳಿಗ್ಗೆ ಲೈನ್ ತೆಗೆದೆವು, ಕೈಯಲ್ಲೇ ಎರಡು ಕ್ಯಾನುಲಾ ಸಾಕಾಯಿತು. ಹಳೇ ಲೈನ್ ಒಳಗೆ ಗೈಡ್‌ವೈರ್ ತೂರಿಸಿ ಅದೇ ತೂತಲ್ಲಿ ಹೊಸದು ಹಾಕುವ ಆಸೆ ಬರುತ್ತದೆ, ಸೋಂಕಿರುವ ದಾರಿಯಲ್ಲೇ ಹೊಸ ಲೈನ್ ಇಟ್ಟ ಹಾಗಾಗುತ್ತದೆ ಅಷ್ಟೆ.

ಬಂದದ್ದು ಆರಿಯಸ್, ಮೆಥಿಸಿಲಿನ್‌ಗೆ ಬಗ್ಗುವ ಬಗೆ. ವ್ಯಾಂಕೊಮೈಸಿನ್ ನಿಲ್ಲಿಸಿ ಸೆಫಜೋಲಿನ್‌ಗೆ ಬಂದೆವು, ಈ ಬಗೆಗೆ ಅದೇ ಚೆನ್ನಾಗಿ ಕೆಲಸ ಮಾಡುತ್ತದೆ. ಜ್ವರ ಮರುದಿನವೇ ಇಳಿಯಿತು. ಮಗ ಬಂದು ‘ಸರ್, ಈಗ ಮನೆಗೆ ಕರೆದುಕೊಂಡು ಹೋಗಬಹುದಾ?’ ಅಂತ ಕೇಳಿದ. ಆಗಲ್ಲ ಅಂದೆ. ಆರಿಯಸ್ ರಕ್ತಕ್ಕೆ ಬಂದರೆ ಹೃದಯದ ಕವಾಟಕ್ಕೆ, ಬೆನ್ನುಮೂಳೆಗೆ ಹೋಗಿ ಕೂರುವ ಚಾಳಿ ಇದೆ. ಎಕೋ ಮಾಡಿದೆವು, ಕುತ್ತಿಗೆ ನರದಲ್ಲಿ ಹೆಪ್ಪು ಇದೆಯಾ ಅಂತ ಡಾಪ್ಲರ್ ಮಾಡಿದೆವು. ಎರಡು ದಿನ ಬಿಟ್ಟು ಮಾಡಿದ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಆ ನೆಗೆಟಿವ್ ಕಲ್ಚರ್ ದಿನದಿಂದ ಕನಿಷ್ಠ 14 ದಿನ ಇಂಜೆಕ್ಷನ್ ಅಂತ ಲೆಕ್ಕ. ಲೈನ್ ತೆಗೆದ ಮೇಲೂ 72 ಗಂಟೆ ದಾಟಿ ಕಲ್ಚರ್ ಪಾಸಿಟಿವ್ ಬರುತ್ತಿದ್ದರೆ ಲೆಕ್ಕ 4ರಿಂದ 6 ವಾರಕ್ಕೆ ಹೋಗುತ್ತಿತ್ತು, ಜೊತೆಗೆ ಎಲ್ಲಿ ಅಡಗಿದೆ ಅಂತ ಹುಡುಕಾಟ.

ಇದಕ್ಕೆ ವಿರುದ್ಧದ ಕೇಸ್ ಕೂಡ ಇರುತ್ತದೆ. ಸಕ್ಕರೆ ಕಾಯಿಲೆಯ ಒಬ್ಬ ಅಮ್ಮನಿಗೆ ಎರಡೂ ಬಾಟಲ್‌ನಲ್ಲಿ ಇ. ಕೋಲೈ ಬ್ಯಾಕ್ಟೀರಿಯಾ ಬಂತು, ಅಂತರ ಕಾಲು ಗಂಟೆ, ಮೂತ್ರದಲ್ಲೂ ಅದೇ. ಅವರಿಗೆ ಲೈನ್ ಬೇಕೇ ಬೇಕಿತ್ತು, ಇಟ್ಟುಕೊಂಡೆವು. ಚರ್ಮದ ಕೆಳಗೆ ಸುರಂಗ ಮಾಡಿ ಹಾಕುವ ಡಯಾಲಿಸಿಸ್‌ನ ಟನೆಲ್ ಕ್ಯಾಥೆಟರ್ ಆದರೆ ಲೆಕ್ಕಾಚಾರ ಬೇರೆ: ಚರ್ಮದ ಸ್ಟೆಫ್ ಆಗಿದ್ದು ರೋಗಿ ಸ್ಥಿರವಾಗಿದ್ದರೆ, ಲ್ಯೂಮೆನ್ ಒಳಗೆ ಆಂಟಿಬಯಾಟಿಕ್ ಲಾಕ್ ತುಂಬಿಟ್ಟು, ನರಕ್ಕೂ ಔಷಧಿ ಕೊಟ್ಟು ಕ್ಯಾಥೆಟರ್ ಉಳಿಸಿಕೊಳ್ಳಲು ನೋಡಬಹುದು. ಆರಿಯಸ್, ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ, ಕ್ಯಾಂಡಿಡಾ ಫಂಗಸ್ ಬಂದರೆ ಉಳಿಸುವ ಹಟ ಬೇಡ. ಅದರಲ್ಲೂ ಕ್ಯಾಂಡಿಡಾ ಒಂದೇ ಬಾಟಲ್‌ನಲ್ಲಿ ಬಂದರೂ ‘ಕಂಟಾಮಿನೇಷನ್ ಇರಬಹುದು’ ಅಂತ ತಳ್ಳಿಹಾಕುವ ಹಾಗಿಲ್ಲ.

ಇನ್ನು ಸೋಂಕು ಬಂದಿದ್ದು ಹೇಗೆ? ಹಾಕುವಾಗಿನ ಚೆಕ್‌ಲಿಸ್ಟ್ ಪೂರ್ತಿ ಟಿಕ್ ಆಗಿತ್ತು. ಕೈ ತೊಳೆದದ್ದು, ಮೈಪೂರ್ತಿ ಮುಚ್ಚುವ ಡ್ರೇಪ್, ಕ್ಲೋರ್‌ಹೆಕ್ಸಿಡಿನ್, ತೊಡೆ ಬಿಟ್ಟು ಕುತ್ತಿಗೆ ಆರಿಸಿದ್ದು, ಎಲ್ಲ ಸರಿ. 2006ರಲ್ಲಿ ಬಂದ ಅಮೆರಿಕದ ಮಿಚಿಗನ್ ಐಸಿಯುಗಳ ವರದಿಯಲ್ಲಿ ಸೋಂಕು 66% ತನಕ ಇಳಿದದ್ದು ಇಂಥದ್ದೇ ಐದು ಕೆಲಸದಿಂದ. ಆದರೆ ಐದನೆಯದು ಹಾಕುವಾಗಿನದ್ದಲ್ಲ: ಬೇಡದ ಲೈನ್ ತೆಗೆಯುವುದು. ಈ ರೋಗಿಗೆ ಬಿಪಿ ಔಷಧಿ ನಿಂತು ಮೂರು ದಿನ ಆಗಿತ್ತು. ರಕ್ತ ತೆಗೆಯೋಕೆ ಸುಲಭ ಅಂತ ಲೈನ್ ಉಳಿದಿತ್ತು, ಚಾರ್ಟ್‌ನಲ್ಲಿ ‘ಲೈನ್ ಬೇಕೇ?’ ಅನ್ನುವ ಸಾಲಿನ ಮುಂದೆ ದಿನಾ ‘ಹೌದು’ ಅಂತ ಬರೆದಿತ್ತು, ಯಾಕೆ ಅಂತ ಮಾತ್ರ ಎಲ್ಲೂ ಇಲ್ಲ. ಈಗ ರೌಂಡ್ಸ್‌ನಲ್ಲಿ ‘ಹೌದು’ ಅಂದವರು ಯಾವ ಔಷಧಿಗೆ ಅಂತ ಹೆಸರು ಬರೆಯಬೇಕು. ‘ರಕ್ತ ತೆಗೆಯಲು’ ಅಂತ ಬರೆದರೆ ಅವತ್ತೇ ಲೈನ್ ತೆಗೆಯುತ್ತೇವೆ.

ಲ್ಯಾಬ್ ಜೊತೆಗೂ ಒಂದು ಒಪ್ಪಂದ ಆಗಿದೆ. ರಾತ್ರಿ ಬಂದ ಬಾಟಲ್‌ಗಳನ್ನು ಬೆಳಿಗ್ಗೆ ತನಕ ಟೇಬಲ್ ಮೇಲೆ ಇಟ್ಟರೆ ಮಷಿನ್‌ಗೆ ಹೋಗುವ ಮೊದಲೇ ರೋಗಾಣು ಬೆಳೆಯಲು ಶುರು ಮಾಡಿರುತ್ತದೆ, ನಿಮಿಷದ ಲೆಕ್ಕಕ್ಕೆ ಅರ್ಥವೇ ಇರಲ್ಲ. ಹಾಗಾಗಿ ಜೋಡಿ ಬಾಟಲ್‌ಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಕಳಿಸುತ್ತೇವೆ, ರಾತ್ರಿ ಡ್ಯೂಟಿಯ ಟೆಕ್ನಿಷಿಯನ್ ಎರಡನ್ನೂ ಒಟ್ಟಿಗೆ ಮಷಿನ್‌ಗೆ ಹಾಕಿ ಹೊತ್ತು ಬರೆದಿಡುತ್ತಾರೆ.