ರಬ್ಬರ್ ಬ್ಯಾಂಡ್ ಕೊನೆಗೂ ಹದಕ್ಕೆ ಬಂತು: ಮೀಟರ್ ಬಿಟ್ಟು ಸೆಕೆಂಡ್ ಹಿಡಿದ ಮೇಲೆ

ನನ್ನ ರೇಸಿಂಗ್ ಗೇಮ್‌ನ ಎದುರಾಳಿ ಕಾರುಗಳು ಅಂತೂ ಮನುಷ್ಯರ ಹಾಗೆ ಓಡುತ್ತಿವೆ. ಟ್ರ್ಯಾಕ್, ಟೈರ್ ಫಿಸಿಕ್ಸ್ ಎಲ್ಲ ಹೋದ ಸಲದ್ದೇ, ಮತ್ತೆ ಕೊರೆಯುವುದಿಲ್ಲ. ಈ ಸಲ ಬರೀ ರಬ್ಬರ್ ಬ್ಯಾಂಡಿಂಗ್ ಪುರಾಣ.

ಮೊದಲಿನ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಆಟಗಾರ ಮುಂದೆ ಹೋದಷ್ಟೂ ಹಿಂದಿನ ಕಾರಿನ ಟಾಪ್ ಸ್ಪೀಡ್ ಏರಿಸು, ಹಿಂದೆ ಬಿದ್ದರೆ ಮುಂದಿನವರದ್ದು ಇಳಿಸು. ರೇಸ್ ಬಿಗಿಯಾಗುವುದು ನಿಜ. ಕನ್ನಡಿಯಲ್ಲಿ ಒಂದು ಕಾರು ಕಾಣುತ್ತಲೇ ಇದ್ದರೆ ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತಲು ಭಯ. ಇದಿಲ್ಲದಿದ್ದರೆ ಮೊದಲ ಲ್ಯಾಪ್‌ನಲ್ಲೇ ಫಲಿತಾಂಶ ಗೊತ್ತಾಗಿ, ಮಿಕ್ಕಿದ್ದು ಒಂಟಿ ಸವಾರಿ. ಆದರೆ ಆಡಿದ ಗೆಳೆಯ ತಕ್ಷಣ ಕಂಡುಹಿಡಿದ: "ಏನ್ ಗುರು, ಈ ಕೆಂಪು ಕಾರು ಸ್ಟ್ರೇಟ್‌ನಲ್ಲಿ ಹಾರ್ಕೊಂಡು ಬರುತ್ತೆ, ತಿರುವಿನಲ್ಲಿ ನಿದ್ದೆ ಮಾಡುತ್ತೆ?"

ಗುಣಕ ಕಮ್ಮಿ ಮಾಡಿದರೂ ಈ ಎಳೆದಾಟ ಹೋಗಲಿಲ್ಲ. ಸ್ಮೂದಿಂಗ್ ಹಾಕಿದೆ, ಇನ್ನೂ ಕೆಟ್ಟಿತು. ಸ್ಟ್ರೇಟ್‌ನಲ್ಲಿ ಸಿಗಬೇಕಾದ ಬೂಸ್ಟ್ ತಡವಾಗಿ ಬ್ರೇಕ್ ಒತ್ತುವ ಜಾಗದಲ್ಲಿ ಸಿಕ್ಕಿ, ಕಾರು ನೆಟ್ಟಗೆ ಗೋಡೆಗೆ. ಗ್ರಾಫ್ ಹಾಕಿ ನೋಡಿದಾಗ ಗುಟ್ಟು ಸಿಕ್ಕಿತು. ಅಂತರವನ್ನು ಮೀಟರ್‌ನಲ್ಲಿ ಅಳೆಯುವುದೇ ತಕರಾರು. ಸ್ಟ್ರೇಟ್‌ನಲ್ಲಿ ಸೆಕೆಂಡಿಗೆ 50 ಮೀಟರ್ ವೇಗ, ಹೇರ್‌ಪಿನ್‌ನಲ್ಲಿ 15. ಅಂದರೆ ಅದೇ ಒಂದು ಸೆಕೆಂಡಿನ ಮುನ್ನಡೆ ಒಂದು ಕಡೆ 50 ಮೀಟರ್, ಇನ್ನೊಂದು ಕಡೆ 15 ಮೀಟರ್. ಯಾರೂ ಯಾರನ್ನೂ ಹಿಡಿದಿಲ್ಲ, ಬಿಟ್ಟೂ ಇಲ್ಲ. ಆದರೂ ಕೋಡ್‌ಗೆ ಸ್ಟ್ರೇಟ್ ಬಂದಾಗೆಲ್ಲ "ಅಯ್ಯೋ ಓಡಿಹೋದ", ತಿರುವು ಬಂದಾಗೆಲ್ಲ "ಸಿಕ್ಕಿಬಿದ್ದ" ಅನ್ನಿಸುತ್ತಿತ್ತು.

ಈಗ ಟ್ರ್ಯಾಕ್ ಕರ್ವ್ ಅನ್ನು 5 ಮೀಟರ್ ತುಂಡುಗಳಾಗಿ ಕತ್ತರಿಸಿದ್ದೇನೆ. ಪ್ರತಿ ಕಾರೂ ಒಂದೊಂದು ತುಂಡು ದಾಟಿದ ಹೊತ್ತನ್ನು ಬರೆದಿಡುತ್ತದೆ. ಹಿಂದಿನವನು ಅದೇ ತುಂಡಿಗೆ ಬಂದಾಗ ಕಳೆದರೆ ಆಯಿತು, ಅಂತರ ಸೆಕೆಂಡಿನಲ್ಲೇ ಸಿಗುತ್ತದೆ. ಒಂದು ಎಚ್ಚರಿಕೆ: ಗೋಡೋದ `get_closest_offset` ಹೇರ್‌ಪಿನ್‌ನಲ್ಲಿ ಪಕ್ಕದ ರಸ್ತೆಗೆ ಜಿಗಿಯುತ್ತದೆ. ಗ್ರಾಫ್‌ನಲ್ಲಿ ಅಂತರ ಇದ್ದಕ್ಕಿದ್ದ ಹಾಗೆ ಮೊಳೆಯಂತೆ ಮೇಲೆದ್ದರೆ ಅದೇ ಕಾರಣ. ಹಿಂದಿನ ಆಫ್‌ಸೆಟ್‌ನ ಅಕ್ಕಪಕ್ಕ ಮಾತ್ರ ಹುಡುಕಿ.

```
var err = sign(gap) * max(abs(gap) - 1.5, 0.0)
var target = clamp(err * 0.02, -0.08, 0.05)
assist = move_toward(assist, target, 0.01 * delta)
```

ಇಲ್ಲಿ `gap` ಅಂದರೆ ಎದುರಾಳಿ ಎಷ್ಟು ಸೆಕೆಂಡ್ ಹಿಂದಿದ್ದಾನೆ ಅಂತ. ಒಂದೂವರೆ ಸೆಕೆಂಡಿನ ಒಳಗೆ ಯಾರನ್ನೂ ಮುಟ್ಟುವುದಿಲ್ಲ, ಅಲ್ಲಿ ನಿಜವಾದ ರೇಸ್. ಅವನು 3.5 ಸೆಕೆಂಡ್ ಹಿಂದಿದ್ದರೆ 4% ನೆರವು. ಅದೂ ನಿಧಾನವಾಗಿ, ನಾಲ್ಕು ಸೆಕೆಂಡಿನಲ್ಲಿ ಏರುತ್ತದೆ.

ನೆರವು ಟಾಪ್ ಸ್ಪೀಡ್‌ಗೆ ಹೋಗುವುದಿಲ್ಲ, ಗ್ರಿಪ್‌ಗೆ ಹೋಗುತ್ತದೆ. ತಿರುವಿನ ವೇಗ `v = sqrt(mu * g * r)` ತಾನೇ? 40 ಮೀಟರ್ ತ್ರಿಜ್ಯದ ತಿರುವಿನಲ್ಲಿ `mu` 1.0 ಇದ್ದರೆ ಸೆಕೆಂಡಿಗೆ 19.8 ಮೀಟರ್. 4% ಏರಿಸಿದರೆ 20.2. ವರ್ಗಮೂಲದ ದಯೆಯಿಂದ ನೆರವು ಅರ್ಧಕ್ಕೆ ಇಳಿಯುತ್ತದೆ. ನೋಡುವವರಿಗೆ "ಇವನು ತಿರುವು ಚೆನ್ನಾಗಿ ತೆಗೆದ" ಅನ್ನಿಸುತ್ತದೆ, "ಎಂಜಿನ್‌ಗೆ ರಾಕೆಟ್ ಕಟ್ಟಿದ್ದಾನೆ" ಅಂತಲ್ಲ.

ಬ್ರೇಕ್ ಟೆಸ್ಟ್ ಮಾತ್ರ ಬಾಕಿ. ಪೆಡಲ್‌ಗೆ ಲೀನಿಯರ್ ಪಾಟ್ ಆರ್ಡರ್ ಮಾಡಿದ್ದೆ, ಪುಣ್ಯಾತ್ಮ ಅಂಗಡಿಯವನು ವಾಲ್ಯೂಮ್‌ಗೆ ಹಾಕುವ ಲಾಗ್ ಪಾಟ್ ಕಳಿಸಿದ್ದಾನೆ. ಅರ್ಧ ಒತ್ತಿದರೂ ಬ್ರೇಕ್ ಹಿಡಿಯುವುದೇ ಇಲ್ಲ, ಇನ್ನೊಂಚೂರು ಒತ್ತಿದರೆ ವೀಲ್ ಲಾಕ್. ವಾಪಸ್ ಕೇಳಿದರೆ "ಎರಡೂ 10ಕೆ ತಾನೇ ಸಾರ್" ಅಂತಾನೆ.

ಇಷ್ಟಾದರೂ ಕೆಲವರಿಗೆ ಇದು ಕಂಡರಾಗದು, ಅವರ ಸಿಟ್ಟಿನಲ್ಲಿ ನ್ಯಾಯ ಇದೆ. ಎರಡು ಲ್ಯಾಪ್ ಬೆವರು ಸುರಿಸಿ ಗಳಿಸಿದ ಮುನ್ನಡೆಯನ್ನು ಆಟ ಸದ್ದಿಲ್ಲದೆ ಕಿತ್ತುಕೊಂಡರೆ, ಆ ಎರಡು ಲ್ಯಾಪ್ ಓಡಿಸಿದ್ದು ಯಾಕೆ? ಜಾಣರು ಇದನ್ನೇ ಬಳಸುತ್ತಾರೆ: ಕೊನೆಯ ಲ್ಯಾಪ್‌ವರೆಗೆ ಸುಮ್ನೆ ಹಿಂದಿದ್ದು ಕೊನೆಯಲ್ಲಿ ನುಗ್ಗುವುದು. ಚೆನ್ನಾಗಿ ಓಡಿಸುವವನಿಗೆ ದಂಡ, ಕಳ್ಳಾಟಕ್ಕೆ ಬಹುಮಾನ. ಮಾರಿಯೋ ಕಾರ್ಟ್‌ನಲ್ಲಿ ಮೊದಲ ಸ್ಥಾನದವನ ಬೆನ್ನು ಹತ್ತುವ ನೀಲಿ ಚಿಪ್ಪು 1996ರಿಂದ ಇದೆ. ಎಲ್ಲರೂ ಅದನ್ನು ಬೈಯುತ್ತಾರೆ, ಆದರೆ ಅದು ಕಣ್ಣಿಗೆ ಕಾಣುತ್ತದೆ, ನನ್ನ ಕೈಗೂ ಸಿಗುತ್ತದೆ. ಬಚ್ಚಿಟ್ಟ ಗುಣಕಕ್ಕೆ ಆ ಸಮಾಧಾನ ಇಲ್ಲ. ಅದಕ್ಕೇ ಕೊನೆಯ ಲ್ಯಾಪ್‌ನಲ್ಲಿ ಹಿಂದಿನವರಿಗೆ ಕೊಡುವ ನೆರವು ಸೊನ್ನೆಗೆ ಇಳಿಯುತ್ತದೆ, ಟೈಮ್ ಟ್ರಯಲ್‌ನಲ್ಲಿ ಇಲ್ಲವೇ ಇಲ್ಲ, ಮೆನುವಿನಲ್ಲಿ ಪೂರ್ತಿ ಆಫ್ ಮಾಡಲೂಬಹುದು.

ಅಂದಹಾಗೆ, ಮುಂದಿನ ಪ್ರಾಜೆಕ್ಟ್ ಕಂಬಳ. 2020ರಲ್ಲಿ ಐಕಳದಲ್ಲಿ 142.5 ಮೀಟರ್ ಓಟದ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದ್ದು ನೆನಪಿದೆ ಅಲ್ವಾ? ಅಷ್ಟರಲ್ಲಿ ಯಾವ ರಬ್ಬರ್ ಬ್ಯಾಂಡೂ ಎಳೆಯುವ ಹೊತ್ತಿಗೆ ಓಟವೇ ಮುಗಿದಿರುತ್ತದೆ! ಅಲ್ಲಿ ಎದುರಾಳಿ ಜೋಡಿಯನ್ನು ಓಟಕ್ಕೆ ಮುಂಚೆಯೇ, ಹಿಂದಿನ ಟೈಮಿಂಗ್ ನೋಡಿ ಆರಿಸಬೇಕು. ಕೆಸರು ಚಿಮ್ಮುವ ಶೇಡರ್ ಬರೆಯಲು ಕೈ ತುರಿಸುತ್ತಿದೆ.

ಆದರೆ ಮೊದಲು ಸ್ಪ್ಲಿಟ್ ಸ್ಕ್ರೀನ್. ಇಬ್ಬರು ಆಡುವಾಗ ಒಬ್ಬ ಮೊದಲು, ಇನ್ನೊಬ್ಬ ಆರನೆಯವನು. ಅಂತರ ಯಾರಿಂದ ಅಳೆಯಬೇಕು? ಸದ್ಯಕ್ಕೆ ಪ್ರತಿ ಎದುರಾಳಿಯೂ ತನಗೆ ಹತ್ತಿರದ ಮನುಷ್ಯನನ್ನು ನೋಡುತ್ತಾನೆ. ಹಾಗಾಗಿ ನಡುವಿನ ಕಾರು ಒಮ್ಮೆ ಅವನ ಕಡೆ, ಒಮ್ಮೆ ಇವನ ಕಡೆ ವಾಲುತ್ತಿದೆ. ಇಬ್ಬರ ಸರಾಸರಿ ತೆಗೆದರೆ ಯಾರ ಹತ್ತಿರವೂ ರೇಸ್ ಇರುವುದಿಲ್ಲ. ಮಾಡಿ ನೋಡಿದವರಿದ್ದರೆ ಹೇಳಿ.